ಮಡಿಕೇರಿ ಬಾಡಿಗೆ ಮನೆ ಖಾಲಿ ಮಾಡ್ತಿದ್ದೇವೆ: ನೋಟಿಸ್ ಪತ್ರ ಹೀಗಿದ್ರೆ ಸಾಕಾ? ಅಡ್ವಾನ್ಸ್ ವಾಪಸ್ ಕೊಡೋ ಮುಂಚೆ ಓನರ್ ಜೊತೆ ನಿಂತು ಮನೆ ನೋಡ್ಬೇಕು

ಮಂಜಿನೂರು (ಸೆಪ್ಟೆಂಬರ್ 21, 2025)

ಎಲ್ಲರಿಗೂ ನಮಸ್ಕಾರ. ನನಗೆ ಮೈಸೂರಿಗೆ ವರ್ಗ ಆಗಿದೆ. ಅಕ್ಟೋಬರ್ 31ಕ್ಕೆ ಮಡಿಕೇರಿಯ ಬಾಡಿಗೆ ಮನೆ ಬಿಡಬೇಕು. 2023ರ ಸೆಪ್ಟೆಂಬರ್‌ನಲ್ಲಿ 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡಿದ್ದೆವು. ಅದು ಮುಗಿದ ಮೇಲೆ ಹೊಸದು ಮಾಡಿಸಲಿಲ್ಲ, ಸುಮ್ನೆ ಬಾಡಿಗೆ ಕಟ್ಟಿಕೊಂಡು ಬಂದೆವು. ಬಾಡಿಗೆ 11,000. ಅಡ್ವಾನ್ಸ್ 60,000. ಅದರಲ್ಲಿ 50,000 ಬ್ಯಾಂಕಿನಿಂದ ಹಾಕಿದ್ದು ಅಗ್ರಿಮೆಂಟಲ್ಲಿದೆ, ಇನ್ನೊಂದು 10,000 ಆಮೇಲೆ ನಗದಾಗಿ ಕೊಟ್ಟೆ, ರಸೀದಿ ಇಲ್ಲ.

ಓನರ್ ಒಳ್ಳೆಯವರೇ. ಆದರೆ ಫೋನಲ್ಲಿ ಹೇಳಿದ ತಕ್ಷಣ "ಬೆಡ್‌ರೂಮ್ ಗೋಡೆ ಪೂರ್ತಿ ಬೂಷ್ಟು ಹಿಡಿಸಿದ್ದೀರಿ, ಪುಟ್ಟಿ ತೆಗೆದು ಹೊಡೆಸೋಕೆ 14,000 ಆಗುತ್ತೆ, ದಸರಾ ಮುಗೀಲಿ ಮಾತಾಡೋಣ" ಅಂದರು. ಗೋಡೆಗೆ ಬೂಷ್ಟು ಬಂದಿರೋದು ನಿಜ. ಮಡಿಕೇರಿಯಲ್ಲಿ ಜೂನ್‌ನಿಂದ ಯಾವ ಮನೆಯ ಗೋಡೆಗೆ ಬರಲ್ಲ ಹೇಳಿ!

ನಾನು ಬರೆದಿರೋ ಪತ್ರ ಇದು:

"ಮಾನ್ಯರೆ, ನಾವು ಅಕ್ಟೋಬರ್ ಕೊನೆಯ ಹೊತ್ತಿಗೆ ಮನೆ ಖಾಲಿ ಮಾಡಬೇಕೆಂದು ಯೋಚಿಸಿದ್ದೇವೆ. ದಯವಿಟ್ಟು ಒಮ್ಮೆ ಬಂದು ಮನೆ ನೋಡಿ ಅಡ್ವಾನ್ಸ್ ಹಣವನ್ನು ಬೇಗ ಕೊಡಬೇಕಾಗಿ ವಿನಂತಿ. ಅಕ್ಟೋಬರ್ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ."

ಇಷ್ಟು ಸಾಕಾ?

ಬೆಟ್ಟದಹುಡುಗ

ಪತ್ರ ಗಿತ್ರ ಏನೂ ಬೇಡ ಗುರು. ಅಗ್ರಿಮೆಂಟ್ ಮುಗಿದಿದೆ, ಅಂದ್ರೆ ಅದು ಕಸ. ಕಾನೂನಲ್ಲಿ 15 ದಿನ ಮುಂಚೆ ಹೇಳಿದ್ರೆ ಸಾಕು, ವಾಟ್ಸಾಪ್ ಹಾಕಿ. ಇನ್ನೊಂದು, ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋದೇ ತಪ್ಪು. ಹಾಗಂತ ಹೊಸ ಕಾಯ್ದೆ ಬಂದಿದೆ. ಅದನ್ನೇ ಪತ್ರದಲ್ಲಿ ಬರೆದು ಹೆದರಿಸಿ.

ನಾಪೋಕ್ಲು_ಸವಾರಿ

ನನಗೂ ಇದೇ ತೊಂದರೆ. ಮೇ ತಿಂಗಳಲ್ಲಿ ಹೋಂಸ್ಟೇ ಬುಕ್ ಮಾಡಿ 4,000 ಅಡ್ವಾನ್ಸ್ ಕೊಟ್ಟಿದ್ದೆ, ಹೋಗೋಕಾಗ್ಲಿಲ್ಲ. ವಾಪಸ್ ಕೇಳೋಕೆ ಇದೇ ಪತ್ರ ನಡೆಯುತ್ತಾ?

ಮಂಜಿನೂರು

ಇಲ್ಲ ಅಣ್ಣ, ಇದು ವಾಸದ ಮನೆ ಅಡ್ವಾನ್ಸ್. ನಿಮ್ಮದು ಬೇರೆ ಕಥೆ.

ವಿರಾಜಪೇಟೆ_ಬರಹಗಾರ

ನಾನು ಇಪ್ಪತ್ತು ವರ್ಷದಿಂದ ಬಾಡಿಗೆ ಕರಾರು ಬರೆದುಕೊಂಡು ಬಂದವನು. ಬೆಟ್ಟದಹುಡುಗ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಉಳಿದರ್ಧ ನಂಬಿದರೆ ತೊಂದರೆ ಆಗುತ್ತೆ.

ಸರಿ ಇರೋದು 15 ದಿನದ ಮಾತು. ಆಸ್ತಿ ವರ್ಗಾವಣೆ ಕಾಯ್ದೆ 1882ರ 106ನೇ ಕಲಂ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಗೆ 15 ದಿನದ ನೋಟಿಸ್. ಆದರೆ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಮಾತ್ರ ಅದು. ನಿಮ್ಮ ಕರಾರಿನಲ್ಲಿ ಒಂದು ತಿಂಗಳು ಅಂತ ಇದ್ದೇ ಇರುತ್ತೆ, ತೆಗೆದು ನೋಡಿ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ಕೊಟ್ಟಿರಿ, ಅವರು ತಗೊಂಡರು, ಹಾಗಾಗಿ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಿದೆ ಅಂತ ಲೆಕ್ಕ. ಹಳೇ ಕರಾರಿನ ಯಾವ ಷರತ್ತು ಉಳೀತು, ಯಾವುದು ಹೋಯ್ತು ಅಂತ ವಾದ ಮಾಡಬಹುದು. 11,000 ರೂಪಾಯಿ ಬಾಡಿಗೆಗೆ ಆ ವಾದ ಯಾಕೆ? ಒಂದು ತಿಂಗಳೇ ಕೊಟ್ಟುಬಿಡಿ.

ಈಗ ದಿನದ ಲೆಕ್ಕ. ನೀವು ಬರೆದ ದಿನದಿಂದ ಅಲ್ಲ, ಅವರ ಕೈಗೆ ಸಿಕ್ಕ ದಿನದಿಂದ ನೋಟಿಸ್ ಶುರು. ಇದನ್ನ ತುಂಬಾ ಜನ ಗಮನಿಸಲ್ಲ. ಓನರ್ "ದಸರಾ ಮುಗೀಲಿ" ಅಂತಿದ್ದಾರೆ. ಈ ಸಲ ದಶಮಿ ಅಕ್ಟೋಬರ್ 2. ಆಮೇಲೆ 4ಕ್ಕೆ ನೀವು ಪತ್ರ ಕೊಟ್ಟರೆ ತಿಂಗಳು ನವೆಂಬರ್ 4ಕ್ಕೆ ಹೋಗಿ ಬೀಳುತ್ತೆ. ನವೆಂಬರ್ ಬಾಡಿಗೆ ಕೇಳೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಈ ತಿಂಗಳ ಒಳಗೇ ಕೈಗೆ ಮುಟ್ಟಿಸಿ.

ವಾಟ್ಸಾಪ್ ಜೊತೆಗಿರಲಿ, ಬೇಡ ಅನ್ನಲ್ಲ. ಆದರೆ ಅದೇ 106ನೇ ಕಲಂ ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು ಅನ್ನುತ್ತೆ. ಎರಡು ಪ್ರತಿ ಮಾಡಿ. ಒಂದನ್ನು ಕೈಗೆ ಕೊಡಿ, ಇನ್ನೊಂದರ ಮೇಲೆ "ಪತ್ರ ತಲುಪಿದೆ" ಅಂತ ದಿನಾಂಕ ಹಾಕಿಸಿ ಸಹಿ ತಗೊಳ್ಳಿ. ಅವರು ಇಲ್ಲದಿದ್ದರೆ ಮನೆಯವರ ಕೈಗೆ ಕೊಟ್ಟರೂ ನಡೆಯುತ್ತೆ. ಸಹಿ ಹಾಕಲ್ಲ ಅಂದರೆ ಅಂಚೆಗೆ ಹಾಕಿ. ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಒಳಗೇ ಸೇರಿಸ್ತಿದ್ದಾರೆ. ಕೌಂಟರ್‌ನಲ್ಲಿ ರಿಜಿಸ್ಟರ್ಡ್ ಅಂತ ಕೇಳಿ ಇಲ್ಲ ಅಂದ್ರು ಅಂತ ವಾಪಸ್ ಬರಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ದಾಖಲೆ ಬೇಕು ಅಂತ ಹೇಳಿ.

ಇನ್ನು ಆ ಎರಡು ತಿಂಗಳ ಅಡ್ವಾನ್ಸ್. ಅದು ಕೇಂದ್ರ 2021ರಲ್ಲಿ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯದ್ದು. ಮಾದರಿ ಅಂದ್ರೆ ಮಾದರಿ, ರಾಜ್ಯ ಅದನ್ನ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ನಡೆಯೋದು. ಪತ್ರದಲ್ಲಿ ಅದನ್ನು ಬರೆದರೆ ಓನರ್ ಕಡೆ ವಕೀಲರು ನಗ್ತಾರೆ ಅಷ್ಟೇ.

ನಿಮ್ಮ ಪತ್ರದಲ್ಲಿ ದೊಡ್ಡ ತಪ್ಪು ಒಂದು ಪದ. "ಯೋಚಿಸಿದ್ದೇವೆ". ಯೋಚನೆ ನೋಟಿಸ್ ಆಗಲ್ಲ. "ಖಾಲಿ ಮಾಡುತ್ತಿದ್ದೇವೆ" ಅಂತ ದಿನಾಂಕ ಸಮೇತ ಬರೆಯಿರಿ. "ಕೊನೆಯ ಹೊತ್ತಿಗೆ" ಅನ್ನೋದೂ ಬೇಡ.

ಗೋಣಿಕೊಪ್ಪಲು_ಆಂಟಿ

ಎಲ್ಲರೂ ಬಾಡಿಗೆದಾರರ ಪರವೇ ಮಾತಾಡಿ. ನಾನು ಓನರ್. ನಮ್ಮ ಮೇಲ್ಮಹಡಿಯಲ್ಲಿದ್ದ ಹುಡುಗರು "ಕೊನೆ ಎರಡು ತಿಂಗಳು ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಆಂಟಿ" ಅಂದರು. ಸರಿ ಅಂದೆ. ಹೋದ ಮೇಲೆ ನೋಡಿದರೆ ಬಾತ್‌ರೂಮ್ ಬಾಗಿಲು ಕೆಳಗಡೆ ಕೊಳೆತು ಹೋಗಿತ್ತು, ನೀರಿನ ಬಿಲ್ ಬಾಕಿ, ಗೋಡೆ ತುಂಬಾ ಮೊಳೆ. ಹಿಡಿದುಕೊಳ್ಳೋಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅದಕ್ಕೇ ಈ ಸಾಲು ಕಂಡರೆ ನನಗೆ ಆಗಲ್ಲ.

ಮಂಜಿನೂರು ಅವರೇ, ನೀವು ಒಳ್ಳೆಯವರಿರಬಹುದು, ಆದರೂ ಅಕ್ಟೋಬರ್ ಬಾಡಿಗೆ ಕೊಟ್ಟುಬಿಡಿ. ಬಾಡಿಗೆ ಪೂರ್ತಿ ಕೊಟ್ಟವರು ಅಡ್ವಾನ್ಸ್ ಕೇಳುವಾಗ ನಮಗೂ ಎದುರು ಮಾತಾಡೋಕೆ ಕಷ್ಟ.

ವಿರಾಜಪೇಟೆ_ಬರಹಗಾರ

ಅಮ್ಮ ಹೇಳಿದ್ದು ಸರಿ. ಓನರ್ ಬರೆದು ಒಪ್ಪದೆ ಬಾಡಿಗೆ ನಿಲ್ಲಿಸಿದರೆ ಅದು ಬಾಕಿ. ಆ ಸಾಲು ತೆಗೆಯಿರಿ.

ಸುಂಟಿಕೊಪ್ಪ_ಮೇಸ್ತ್ರಿ

ಪತ್ರ ನೀವು ನೋಡ್ಕೊಳ್ಳಿ. ನಾನು ಗೋಡೆ ಬಗ್ಗೆ ಕೇಳ್ತೀನಿ. ಬೂಷ್ಟು ಗೋಡೆಯಲ್ಲಿ ಎಲ್ಲಿ ಬಂದಿದೆ? ಆ ಗೋಡೆ ಯಾವ ದಿಕ್ಕಿಗಿದೆ? ಬಣ್ಣ ಏನು?

ಮಂಜಿನೂರು

ಪಡುವಣ ಗೋಡೆ ಸರ್, ಆಚೆ ಕಡೆ ಬಯಲು. ಕಿಟಕಿಯ ಮೂಲೆಯಿಂದ ಕೆಳಗೆ ಹಳದಿ ಕಲೆ, ಅಂಚಲ್ಲಿ ಕಂದು ಗೆರೆ. ಅದರ ಪಕ್ಕ ಬಿಳಿ ಪುಡಿ ಏಳುತ್ತೆ, ಬೆರಳು ಇಟ್ಟರೆ ಅಂಟುತ್ತೆ. ಬೀರು ಹಿಂದೆ ಮಾತ್ರ ಕಪ್ಪು ಚುಕ್ಕಿ. ಅಡುಗೆಮನೆ ಮೂಲೆಯಲ್ಲೂ ಕಪ್ಪು ಚುಕ್ಕಿ ಇದೆ.

ಸುಂಟಿಕೊಪ್ಪ_ಮೇಸ್ತ್ರಿ

ಹಾಗಾದ್ರೆ ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ರೋಗ ಇದೆ. ಓನರ್ ಎರಡನ್ನೂ ಒಂದೇ ಬಿಲ್ಲಿಗೆ ಹಾಕಿದ್ದಾರೆ.

ನಮ್ಮ ಕಡೆ ಮುಂಗಾರು ಬೀಸೋದು ಪಡುವಣ, ನೈಋತ್ಯದಿಂದ. ಆ ಗೋಡೆ ನಾಲ್ಕು ತಿಂಗಳು ಏಟು ತಿನ್ನುತ್ತೆ. ಹೊರಗಡೆ ಗಾರೆ ಬಿರುಕು ಬಿಟ್ಟಿದ್ರೆ, ಕಿಟಕಿ ಮೇಲಿನ ಸಜ್ಜಾ ಚಿಕ್ಕದಿದ್ರೆ, ನೀರು ಗೋಡೆ ಒಳಗೆ ಇಳಿಯುತ್ತೆ. ಒಳಗೆ ಬಂದ ನೀರು ಇಟ್ಟಿಗೆ, ಸಿಮೆಂಟಿನ ಉಪ್ಪನ್ನು ಕರಗಿಸಿಕೊಂಡು ಈಚೆ ಬಂದು ಒಣಗುತ್ತೆ. ಆ ಬಿಳಿ ಪುಡಿ ಅದೇ ಉಪ್ಪು. ಹಳದಿ ಕಲೆ, ಕಂದು ಅಂಚು, ಉಪ್ಪು ಮೂರೂ ಇದ್ದರೆ ನೀರು ಗೋಡೆ ಮೂಲಕವೇ ಬಂದಿದೆ. ಅದು ಬಾಡಿಗೆದಾರರು ಮಾಡಿದ್ದಲ್ಲ. ಒಳಗೆ ಪುಟ್ಟಿ ತೆಗೆದು ಹೊಡೆದರೆ ಮುಂದಿನ ಜುಲೈಗೆ ಮತ್ತೆ ಬರುತ್ತೆ, ಹೊರಗೆ ಸರಿ ಮಾಡಬೇಕು.

ಕಪ್ಪು ಚುಕ್ಕಿ ಬೇರೆ. ಮಳೆಗಾಲದಲ್ಲಿ ಒಳಗೆ ಬಟ್ಟೆ ಒಣಗಿಸ್ತೀರಿ, ಕಿಟಕಿ ಮುಚ್ಚಿ ಅನ್ನ ಬೇಯಿಸ್ತೀರಿ, ಆ ಹಬೆ ತಣ್ಣಗಿರೋ ಗೋಡೆಗೆ ತಾಗಿ ಬೆವರುತ್ತೆ. ಗಾಳಿ ಆಡದ ಬೀರು ಹಿಂದೆ, ಮೂಲೆಯಲ್ಲಿ ಬೂಷ್ಟು ಕೂರುತ್ತೆ. ಅದು ಮೇಲ್ಮೈದು, ಬ್ಲೀಚಿಂಗ್ ನೀರಲ್ಲಿ ಒರೆಸಿದ್ರೆ ಬಹುಪಾಲು ಹೋಗುತ್ತೆ. ಅದಕ್ಕೆ 14,000 ಯಾಕೆ?

ನಿಮಗೇ ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ದಪ್ಪ ಪ್ಲಾಸ್ಟಿಕ್ ಹಾಳೆ ಒಂದೂವರೆ ಅಡಿ ಚೌಕ ಕತ್ತರಿಸಿ, ಕಲೆ ಇರೋ ಜಾಗದ ಮೇಲ್ಮೈ ಒಣ ಬಟ್ಟೆಯಲ್ಲಿ ಒರೆಸಿ, ನಾಲ್ಕೂ ಅಂಚು ಗಾಳಿ ಹೋಗದ ಹಾಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈ, ಅಂದ್ರೆ ಗೋಡೆ ಕಡೆ, ಹನಿ ಕಟ್ಟಿದ್ರೆ ನೀರು ಗೋಡೆಯಿಂದ ಬರ್ತಾ ಇದೆ. ಕೋಣೆ ಕಡೆಯ ಮೈ ಒದ್ದೆ ಆದ್ರೆ ಅದು ಕೋಣೆಯ ಹಬೆ. ಗೋಡೆ ಪೂರ್ತಿ ಒಣಗಿದ ಮೇಲೆ ಮಾಡಿದ್ರೆ ಏನೂ ಗೊತ್ತಾಗಲ್ಲ, ಹಾಗಾಗಿ ಮಳೆ ಇರುವಾಗಲೇ ಮಾಡಿ. ಗೋಡೆ ಒಳಗೆ ಪೈಪ್ ಹೋಗಿದ್ರೂ ಹೀಗೇ ತೋರಿಸುತ್ತೆ, ಅದನ್ನೂ ನೋಡ್ಕೊಳ್ಳಿ.

ಗೋಣಿಕೊಪ್ಪಲು_ಆಂಟಿ

ಅಲ್ಲಪ್ಪ ಮೇಸ್ತ್ರಿ, ಬಾಡಿಗೆಗೆ ಇದ್ದವರು ಮಳೆ ನೀರು ಬರ್ತಿದೆ ಅಂತ ಆಗಲೇ ಹೇಳಬೇಕಲ್ವಾ? ಎರಡು ವರ್ಷ ಸುಮ್ಮನಿದ್ದು ಹೋಗುವಾಗ "ನಿಮ್ಮ ಗೋಡೆ" ಅಂದ್ರೆ?

ವಿರಾಜಪೇಟೆ_ಬರಹಗಾರ

ಅಮ್ಮನ ಪ್ರಶ್ನೆ ಒಳ್ಳೆಯದು. ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಇಟ್ಟು ವಾಪಸ್ ಕೊಡಬೇಕು. ಬಳಸಿ ಸವೆದದ್ದು, ತಡೆಯೋಕಾಗದ ಪ್ರಕೃತಿಯಿಂದ ಆದದ್ದು ಬಿಟ್ಟು. ಮಳೆ ಸೋರಿಕೆ ಆ ಕಡೆ ಬೀಳುತ್ತೆ ಅಂತ ನಾನು ಹೇಳ್ತೀನಿ. ಆದರೆ ತಿಳಿಸದೇ ಇದ್ದದ್ದರಿಂದ ಹಾನಿ ಜಾಸ್ತಿ ಆಯ್ತು ಅಂತ ಓನರ್ ಹೇಳಿದರೆ ಅದನ್ನೂ ಪೂರ್ತಿ ತಳ್ಳಿಹಾಕೋಕಾಗಲ್ಲ. ಮಂಜಿನೂರು, ನೀವು ಯಾವಾಗಲಾದರೂ ಫೋಟೋ ಕಳಿಸಿದ್ದೀರಾ?

ಮಂಜಿನೂರು

2024ರ ಜುಲೈನಲ್ಲಿ ಒಂದು ಕಳಿಸಿದ್ದೆ! ಈಗ ಹುಡುಕಿದೆ. ಅವರು "ಮಳೆ ಬಿಡಲಿ ನೋಡೋಣ" ಅಂತ ಉತ್ತರ ಹಾಕಿದ್ದಾರೆ. ಕರಾರೂ ನೋಡಿದೆ. ಒಂದು ತಿಂಗಳ ನೋಟಿಸ್ ಇದೆ. ಅದರ ಜೊತೆ "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು" ಅಂತಲೂ ಇದೆ. ಇದು ನನಗೆ ನೆನಪೇ ಇರಲಿಲ್ಲ.

ಬೆಟ್ಟದಹುಡುಗ

ಹೋಯ್ತು 11,000. ಪ್ಲಸ್ 14,000. ಶಿವಾಯ ನಮಃ.

ವಿರಾಜಪೇಟೆ_ಬರಹಗಾರ

ಪ್ಲಸ್ ಅಲ್ಲ. ಸಹಿ ಹಾಕಿದ್ದೀರಿ, 11,000 ಬಿಟ್ಟುಬಿಡಿ, ಅದರ ಮೇಲೆ ಜಗಳ ಬೇಡ. ಆದರೆ ಪೇಂಟಿಂಗ್ ಅಂತ 11,000 ಹಿಡಿದ ಮೇಲೆ ಅದೇ ಗೋಡೆಗೆ ಬಣ್ಣಕ್ಕೆ ಅಂತ ಇನ್ನೊಮ್ಮೆ ಹಿಡಿಯೋದು ಎರಡು ಸಲ ವಸೂಲಿ. ಪತ್ರದಲ್ಲಿ ನೀವೇ ಆ 11,000 ಮೊದಲು ಒಪ್ಪಿಕೊಳ್ಳಿ. ಆಗ ಓನರ್‌ಗೂ ಇವರು ತಪ್ಪಿಸಿಕೊಳ್ಳೋಕೆ ನೋಡ್ತಿಲ್ಲ ಅಂತ ಅನ್ನಿಸುತ್ತೆ.

ಪರಿಶೀಲನೆ ಒಂದಲ್ಲ, ಎರಡು ಸಲ ಕೇಳಿ. ಮೊದಲನೆಯದು ಸಾಮಾನು ಇರುವಾಗಲೇ. ಆಗ ಏನು ರಿಪೇರಿ ಅಂತ ಗೊತ್ತಾದರೆ ನಿಮ್ಮ ಪರಿಚಯದವರಿಂದಲೇ ಕಡಿಮೆಯಲ್ಲಿ ಮಾಡಿಸಬಹುದು. ಕೊನೇ ದಿನ ಮಾತ್ರ ನೋಡಿದರೆ ಅವರು ಹೇಳಿದ್ದೇ ರೇಟು. ಎರಡನೆಯದು ಖಾಲಿ ಮನೆಯಲ್ಲಿ, ಬೀಗದ ಕೈ ಕೊಡುವ ಹೊತ್ತಲ್ಲಿ. ಎರಡೂ ಹಗಲು ಹೊತ್ತಲ್ಲೇ ಇರಲಿ. ಸಂಜೆ ಮಂಜು, ಕರೆಂಟು ನಂಬೋಕಾಗಲ್ಲ.

ಇದನ್ನ ಇಟ್ಟುಕೊಂಡು ತಿದ್ದಿ:

"ದಿನಾಂಕ: 24-09-2025, ಮಡಿಕೇರಿ

ವಿಷಯ: ಬಾಡಿಗೆ ಮನೆ ಖಾಲಿ ಮಾಡುವ ನೋಟಿಸ್ ಮತ್ತು ಜಂಟಿ ಪರಿಶೀಲನೆಗೆ ಕೋರಿಕೆ

ಮಾನ್ಯರೆ,

ತಮ್ಮ ಮನೆಯಲ್ಲಿ 2023ರ ಸೆಪ್ಟೆಂಬರ್‌ನಿಂದ ಬಾಡಿಗೆಗೆ ಇರುವ ನಾವು 31-10-2025ರಂದು ಮನೆ ಖಾಲಿ ಮಾಡುತ್ತಿದ್ದೇವೆ. ಕರಾರಿನಂತೆ ಇದು ನಮ್ಮ ಒಂದು ತಿಂಗಳ ನೋಟಿಸ್. ಅಕ್ಟೋಬರ್ ಬಾಡಿಗೆಯನ್ನು ಎಂದಿನಂತೆ ಕೊಡುತ್ತೇವೆ.

ತಮ್ಮ ಬಳಿ ನಮ್ಮ ಅಡ್ವಾನ್ಸ್ 60,000 ರೂ. ಇದೆ. ಇದರಲ್ಲಿ 50,000 ಬ್ಯಾಂಕ್ ಮೂಲಕ ಕೊಟ್ಟಿದ್ದು, 10,000 ಆಮೇಲೆ ನಗದಾಗಿ ಕೊಟ್ಟಿದ್ದು. ಕರಾರಿನಂತೆ ಪೇಂಟಿಂಗ್‌ಗೆ 11,000 ಹಿಡಿಯಲು ನಮ್ಮ ಒಪ್ಪಿಗೆ ಇದೆ.

ಬೇರೆ ಏನಾದರೂ ಕಡಿತ ಇದ್ದರೆ ಅದನ್ನು ಮನೆಯಲ್ಲೇ ಇಬ್ಬರೂ ನೋಡಿ ತೀರ್ಮಾನಿಸೋಣ. 12-10-2025 ಭಾನುವಾರ ಬೆಳಗ್ಗೆ 10ಕ್ಕೆ ಒಮ್ಮೆ, 31-10-2025 ಶುಕ್ರವಾರ ಬೆಳಗ್ಗೆ 11ಕ್ಕೆ ಮನೆ ಖಾಲಿಯಾದ ಮೇಲೆ ಇನ್ನೊಮ್ಮೆ ತಾವು ಬರಬೇಕಾಗಿ ಕೋರಿಕೆ. ಈ ದಿನಗಳು ಆಗದಿದ್ದರೆ ತಮಗೆ ಅನುಕೂಲವಾದ ದಿನ ತಿಳಿಸಿ, ಅಥವಾ ತಮ್ಮ ಪರವಾಗಿ ಬರುವವರ ಹೆಸರು ಬರೆದು ಕಳಿಸಿ. ನೋಡಿದ್ದನ್ನು ಎರಡು ಪ್ರತಿಯಲ್ಲಿ ಬರೆದು ಇಬ್ಬರೂ ಸಹಿ ಮಾಡೋಣ.

ಬೆಡ್‌ರೂಮಿನ ಪಡುವಣ ಗೋಡೆಯ ತೇವದ ಬಗ್ಗೆ 2024ರ ಜುಲೈನಲ್ಲಿ ಫೋಟೋ ಸಮೇತ ತಿಳಿಸಿದ್ದೆವು. ಅದನ್ನೂ ಆ ದಿನ ನೋಡೋಣ.

31ರಂದು ಬೀಗದ ಕೈಗಳನ್ನು ತಮಗೆ ಕೊಟ್ಟು, ಉಳಿದ ಅಡ್ವಾನ್ಸ್ ನನ್ನ ಖಾತೆಗೆ ಪಡೆಯುತ್ತೇನೆ.

ಇಂತಿ,"

ಕೆಳಗೆ ಸಹಿ, ಮೈಸೂರಿನ ವಿಳಾಸ, ಫೋನ್. ನಗದು 10,000ವನ್ನು ಪತ್ರದಲ್ಲಿ ಬೇಕಂತಲೇ ಹಾಕಿದ್ದೇನೆ. ಅವರು ಅಲ್ಲ ಅನ್ನೋದಾದರೆ ಈಗಲೇ ಅನ್ನಲಿ, ಬೀಗದ ಕೈ ಕೊಟ್ಟ ಮೇಲಲ್ಲ.

ಕುಶಾಲನಗರ_ಕಾವೇರಿ

ಬೀಗದ ಕೈ ವಿಷಯ ದಯವಿಟ್ಟು ಹಗುರ ಮಾಡಬೇಡಿ. ನಾನು ಹೋದ ವರ್ಷ ಓನರ್ ಊರಲ್ಲಿಲ್ಲ ಅಂತ ಪಕ್ಕದ ಮನೆ ಅಕ್ಕನ ಕೈಲಿ ಕೊಟ್ಟು ಹೊರಟೆ. ಅವರು ಒಂದೂವರೆ ತಿಂಗಳಾದ ಮೇಲೆ ಬಂದು "ನನಗೆ ಬೀಗದ ಕೈ ಸಿಕ್ಕಿದ್ದು ಇವತ್ತು" ಅಂತ ಅಷ್ಟು ದಿನದ ಬಾಡಿಗೆ ಹಿಡಿದರು. ಅಕ್ಕ ಯಾರ ಕಡೆಯೂ ಮಾತಾಡಲಿಲ್ಲ, ಪಾಪ ಅವರಿಗೂ ಅಲ್ಲೇ ಬದುಕಬೇಕಲ್ಲ.

ಮತ್ತೆ ಸೆಸ್ಕ್ ಮೀಟರಿನ ಫೋಟೋ ತೆಗೀರಿ, ಆರ್‌ಆರ್ ನಂಬರ್ ಕಾಣೋ ಹಾಗೆ. ಗೃಹಜ್ಯೋತಿ ನಿಮ್ಮ ಆಧಾರಿಗೆ ಆ ಮನೆಯ ಆರ್‌ಆರ್ ನಂಬರ್ ಜೋಡಿಸಿದ್ದರೆ ಸೇವಾಸಿಂಧುವಿನಲ್ಲಿ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಮೈಸೂರಿನ ಮನೆಗೆ ಹಾಕುವಾಗ ತೊಂದರೆ.

ಮಂಜಿನೂರು (ಸೆಪ್ಟೆಂಬರ್ 25)

ನಿನ್ನೆ ಪತ್ರ ಕೊಟ್ಟೆ. ಓನರ್ ಎರಡು ಸಲ ಓದಿದರು. "ಇದೇನು ಕೋರ್ಟಿಗೆ ಹೋಗೋರ ಥರ" ಅಂದರು. ಇಲ್ಲ ಅಂಕಲ್, ಇಬ್ಬರಿಗೂ ನೆನಪಿರಲಿ ಅಂತ ಅಂದೆ. ಕಾಫಿ ಕೊಟ್ಟರು, ಸಹಿ ಹಾಕಿದರು. 12 ಆಗಲ್ಲವಂತೆ, 11ಕ್ಕೆ ಬರ್ತಾರಂತೆ. ಅದನ್ನೂ ಪತ್ರದ ಮೇಲೇ ಬರೆಸಿದೆ.

ಮಂಜಿನೂರು (ಅಕ್ಟೋಬರ್ 12)

ನಿನ್ನೆ ಓನರ್ ಅಂಕಲ್, ಅವರ ಮನೆ ಆಂಟಿ ಇಬ್ಬರೂ ಬಂದಿದ್ದರು. ಗುರುವಾರ ಮಳೆ ಬಂದಾಗಲೇ ಹಾಳೆ ಅಂಟಿಸಿದ್ದೆ. ಅವರ ಎದುರೇ ಒಂದು ಮೂಲೆ ಬಿಡಿಸಿದೆ. ಗೋಡೆ ಕಡೆ ಸಾಲಾಗಿ ಹನಿ, ಒಂದು ಹನಿ ಇಳಿದು ಅಂಕಲ್ ಕೈ ಮೇಲೇ ಬಿತ್ತು. ಅವರು ಏನೂ ಹೇಳಲಿಲ್ಲ. ಹೊರಗೆ ಹೋಗಿ ಕಿಟಕಿ ಮೇಲೆ ಬಿರುಕು ನೋಡಿಕೊಂಡು ಬಂದರು. ಆ ಗೋಡೆ ಪಟ್ಟಿಯಿಂದ ಬಿಟ್ಟರು.

ಅಡುಗೆಮನೆ ಮೂಲೆಗೆ ಒಪ್ಪಲಿಲ್ಲ. ಒರೆಸಿ ತೋರಿಸಿದೆ, ಕಲೆ ಪೂರ್ತಿ ಹೋಗಲಿಲ್ಲ. ಅವರು 3,000 ಅಂದರು, ನಾನು 1,000 ಅಂದೆ. "ಒಪ್ಪಿಗೆ ಆಗಿಲ್ಲ" ಅಂತ ಬರೆದು ಎರಡೂ ಮೊತ್ತ ಹಾಕಿದೆವು. ಬಾತ್‌ರೂಮಿನ ನೀರಿನ ನಲ್ಲಿ ಮುರಿದದ್ದು ನಮ್ಮ ಮಗನೇ, ಅದನ್ನು ನಾನೇ ಹಾಕಿಸ್ತೀನಿ ಅಂತ ಬರೆದೆ.

10,000ಕ್ಕೆ ಅಂಕಲ್ "ನೆನಪಿಲ್ಲಪ್ಪ" ಅಂದರು. ಆಂಟಿ ಅಡುಗೆಮನೆಯಿಂದಲೇ "ಆ ದುಡ್ಡಲ್ಲೇ ಅಲ್ವಾ ಮೇಲಿನ ಟ್ಯಾಂಕ್ ಹಾಕಿಸಿದ್ದು?" ಅಂದರು. ಪಟ್ಟಿಯಲ್ಲಿ 60,000 ಅಂತಲೇ ಬಂತು.

ಗೋಣಿಕೊಪ್ಪಲು_ಆಂಟಿ

ನೋಡಿ, ಲೆಕ್ಕ ಇಟ್ಟುಕೊಳ್ಳೋದು ಯಾರು ಅಂತ. ಆದರೂ ಆ ಅಡುಗೆಮನೆಗೆ 3,000 ಜಾಸ್ತಿ ಏನಲ್ಲ.

ಸುಂಟಿಕೊಪ್ಪ_ಮೇಸ್ತ್ರಿ

ಜಾಸ್ತಿನೇ. ಮೂಲೆ ಕೆರೆದು ಎರಡು ಕೋಟ್ ಹೊಡೆಯೋದು ಅರ್ಧ ದಿನದ ಕೆಲಸ.

ವಿರಾಜಪೇಟೆ_ಬರಹಗಾರ

ಅದು 31ರವರೆಗೆ ಹಾಗೇ ಇರಲಿ. ಅವತ್ತು ಖಾಲಿ ಮನೆಯಲ್ಲಿ ಹೊಸದಾಗಿ ಕಂಡದ್ದನ್ನು ಮಾತ್ರ ಸೇರಿಸಿ, ನಿನ್ನೆಯ ಪಟ್ಟಿಯನ್ನು ಮತ್ತೆ ಬಿಚ್ಚಬೇಡಿ. ಬೀಗದ ಕೈ ಎಷ್ಟು ಅಂತ ಸಂಖ್ಯೆ ಬರೆಯಿರಿ. ಗೇಟಿಂದೂ ಸೇರಿಸಿ.

ಮಂಜಿನೂರು

ಗೇಟಿನದ್ದು ಒಂದು ಕಳೆದುಹೋಗಿದೆ. ಇವತ್ತೇ ಮಾಡಿಸ್ತೀನಿ.